ವಂದನಾರ್ಪಣೆ: ಮೂರು ನಿಮಿಷ, ಅರವತ್ತೊಂದು ಹೆಸರು



ಹೊಸೂರಿನಿಂದ ತೊರಪಲ್ಲಿ ಅಗ್ರಹಾರದ ಕಡೆಗೆ ಹೋಗುವ ದಾರಿಯಲ್ಲಿ ಜನವರಿ, ಫೆಬ್ರವರಿ ತಿಂಗಳ ಸಂಜೆಗಳಲ್ಲಿ ಒಂದಲ್ಲ ಒಂದು ಶಾಲೆಯ ಮುಂದೆ ಶಾಮಿಯಾನ ಕಾಣಿಸುತ್ತದೆ. ಅಂತಹ ಒಂದು ಸಂಜೆಗೆ ನಾಲ್ಕು ದಿನ ಮುಂಚೆ ಆ ಭಾಗದ ಒಂದು ಶಾಲೆಯ ಟೀಚರಮ್ಮ ನನ್ನ ಬಳಿ ಬಂದರು. ಕೈಯಲ್ಲಿ ನಾಲ್ಕು ಪುಟದ ಪಟ್ಟಿ ಇತ್ತು. ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ಮಾಡುವ ಜವಾಬ್ದಾರಿ ಅವರ ಪಾಲಿಗೆ ಬಂದಿತ್ತು.

"ಸ್ವಾಮಿ, ಒಬ್ಬರನ್ನೂ ಬಿಡಬಾರದು ಅಂತ ಹೆಡ್‌ಮಾಸ್ಟರ್ ಹೇಳಿದ್ದಾರೆ. ಮೂರು ನಿಮಿಷ ದಾಟಬಾರದು ಅಂತಲೂ ಅವರೇ ಹೇಳಿದ್ದಾರೆ. ಎರಡೂ ಹೇಗೆ ಆಗುತ್ತೆ ನೀವೇ ಹೇಳಿ" ಎಂದರು.

ಪಟ್ಟಿಯನ್ನು ಎಣಿಸಿ ನೋಡಿದೆವು. ವೇದಿಕೆಯ ಗಣ್ಯರು 7, ಶಿಕ್ಷಕರು 14, ಶಾಲಾ ನಿರ್ವಹಣಾ ಸಮಿತಿಯ ಸದಸ್ಯರು 9, ದಾನಿಗಳು 17, ಮೈಕು, ಶಾಮಿಯಾನ, ಫ್ಲೆಕ್ಸ್, ವಿಡಿಯೋ ಮುಂತಾದ ಕೆಲಸದವರು 8, ವಿದ್ಯಾರ್ಥಿ ನಾಯಕರು 6. ಒಟ್ಟು 61 ಹೆಸರು. ಹೆಡ್‌ಮಾಸ್ಟರ್ ಹೇಳಿದ ಎರಡು ಮಾತೂ ಸರಿಯಾದವೇ. ಆದರೆ ಎರಡನ್ನೂ ಪಾಲಿಸಲು ಆ ಪಟ್ಟಿಯಿಂದ ಸಾಧ್ಯವಿರಲಿಲ್ಲ.

ನಾನು ಕಲಿತ ಪಾಠ

ಟೀಚರಮ್ಮನಿಗೆ ಸಲಹೆ ಕೊಡುವ ಮೊದಲು ನನ್ನದೇ ತಪ್ಪೊಂದನ್ನು ಹೇಳಿದೆ. ಅದನ್ನು ಇಲ್ಲಿಯೂ ಹೇಳುತ್ತೇನೆ.

ನಾನು ಗುರುವಾದ ಹೊಸತರಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ವಂದನಾರ್ಪಣೆ ಮಾಡಿದ್ದೆ. ಗುರುಮಠದಲ್ಲಿ ಭಾಷಣ ಕಲೆಯ ಅಭ್ಯಾಸವಾಗಿತ್ತು, ಧ್ವನಿಯೂ ಚೆನ್ನಾಗಿತ್ತು. ನಲವತ್ತಕ್ಕೂ ಹೆಚ್ಚು ಜನರಿಗೆ ಹನ್ನೆರಡು ನಿಮಿಷ ವಂದನೆ ಹೇಳಿದೆ. ಪ್ರತಿಯೊಬ್ಬರಿಗೂ ಒಂದೊಂದು ವಿಶೇಷಣ ಜೋಡಿಸಿದೆ. ಕೆಳಗಿಳಿದಾಗ ಹಿರಿಯರೊಬ್ಬರು ಬೆನ್ನು ತಟ್ಟಿದರು. ಮಾರನೆಯ ದಿನ ಶಾಲೆಯ ಅಂಗಳದಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ನಿಲ್ಲಿಸಿ ಕೇಳಿದಳು: "ಸ್ವಾಮಿ, ನಿಮಗೆ ನಮ್ಮಮ್ಮನ ಹೆಸರು ಗೊತ್ತಿಲ್ವಾ?"

ಅವಳ ತಾಯಿ ಆ ಶಾಲೆಯ ಆಯಾ. ಹಿಂದಿನ ಮೂರು ದಿನ ಮೈದಾನ ಗುಡಿಸಿ, ನೀರು ಚಿಮುಕಿಸಿ, ಕುರ್ಚಿ ಒರೆಸಿದವರು ಅವರೇ. ಹುಡುಗಿ ಮುಂದಿನ ಸಾಲಿನಲ್ಲಿ ಕೂತು ನನ್ನ ಹನ್ನೆರಡು ನಿಮಿಷವೂ ಕಾದಿದ್ದಳು. ಅವಳ ಪ್ರಶ್ನೆಗೆ ನಿಜವಾದ ಉತ್ತರ "ಗೊತ್ತಿಲ್ಲ" ಎಂಬುದೇ ಆಗಿತ್ತು. ನಾವೆಲ್ಲರೂ ಅವರನ್ನು "ಆಯಮ್ಮ" ಎಂದೇ ಕರೆಯುತ್ತಿದ್ದೆವು. ಹೋಗಿ ಕ್ಷಮೆ ಕೇಳಿದಾಗ ಆ ತಾಯಿ, "ಇರಲಿ ಬಿಡಿ ಸ್ವಾಮಿ, ಅದಕ್ಕೇನಂತೆ" ಎಂದು ಪೊರಕೆ ಎತ್ತಿಕೊಂಡು ಹೋದರು. ಮಗಳು ಮಾತ್ರ ಬಹಳ ದಿನ ನನ್ನ ಮುಖ ನೋಡಲಿಲ್ಲ.

ಅಂದು ಒಂದು ವಿಷಯ ತಿಳಿಯಿತು. ಉದ್ದದ ಪಟ್ಟಿ ಎಂದರೆ ಪೂರ್ಣವಾದ ಪಟ್ಟಿ ಎಂದಲ್ಲ. ಹನ್ನೆರಡು ನಿಮಿಷ ಮಾತನಾಡಿಯೂ ಮುಖ್ಯವಾದವರನ್ನು ಬಿಡಬಹುದು.

ಸಮಯ ಎಲ್ಲಿ ಹೋಗುತ್ತದೆ?

ಟೀಚರಮ್ಮನ ಪಟ್ಟಿಯ ಮೊದಲ ಸಾಲನ್ನು ಗಡಿಯಾರ ಇಟ್ಟುಕೊಂಡು ಓದಿಸಿದೆ. ಹೆಸರು, ಹುದ್ದೆ, ಆಮೇಲೆ "ಅವರಿಗೆ ನಮ್ಮ ಶಾಲೆಯ ಪರವಾಗಿ ಹಾಗೂ ನನ್ನ ವೈಯಕ್ತಿಕ ಪರವಾಗಿ ಹೃತ್ಪೂರ್ವಕ ವಂದನೆಗಳನ್ನು ಸಲ್ಲಿಸುತ್ತೇನೆ" ಎಂಬ ಬಾಲ. ಒಂದು ಸಾಲಿಗೆ 8 ಸೆಕೆಂಡು ಬೇಕಾಯಿತು. 61 ಹೆಸರಿಗೆ 488 ಸೆಕೆಂಡು, ಅಂದರೆ 8 ನಿಮಿಷ ದಾಟುತ್ತದೆ. ಮುನ್ನುಡಿ, ಮುಕ್ತಾಯ, ನಡುವೆ ಚಪ್ಪಾಳೆ ಸೇರಿದರೆ 10 ನಿಮಿಷಕ್ಕೆ ಕಡಿಮೆಯಿಲ್ಲ.

ಈಗ ಆ ಬಾಲವನ್ನು ಮಾತ್ರ ಓದಿಸಿದೆ. ಅದಕ್ಕೇ 4 ಸೆಕೆಂಡು ಹಿಡಿಯಿತು. ಎಂದರೆ ಒಟ್ಟು ಸಮಯದಲ್ಲಿ ಅರ್ಧದಷ್ಟು, ನಾಲ್ಕು ನಿಮಿಷಕ್ಕೂ ಮಿಕ್ಕಿ, ಅದೇ ಒಂದು ವಾಕ್ಯವನ್ನು 61 ಸಲ ಹೇಳುವುದಕ್ಕೆ ಹೋಗುತ್ತಿತ್ತು. ಕೇಳುವವರಿಗೆ ಬೇಸರ ತರುವುದು ಹೆಸರುಗಳಲ್ಲ, ಈ ಬಾಲ. ನಮ್ಮ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಇಲ್ಲಿ ಅನುಕೂಲವೇ. "ಇವರಿಗೆ, ಇವರಿಗೆ, ಇವರಿಗೆ" ಎಂದು ಪೋಣಿಸಿ ಕೊನೆಯಲ್ಲಿ ಒಂದೇ ಒಂದು ಸಲ "ವಂದನೆಗಳು" ಎಂದರೆ ಸಾಕು. ಅಲ್ಲಿ ಉಳಿಯುವ ಸಮಯವನ್ನು ಆ ವ್ಯಕ್ತಿ ಏನು ಮಾಡಿದರು ಎಂದು ಹೇಳಲು ಬಳಸಬಹುದು.

ಮೂರು ನಿಮಿಷ ಎಷ್ಟು ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಅಳತೆ ಇದೆ. ಕಾರ್ಯಕ್ರಮದ ಕೊನೆಯಲ್ಲಿ ಹಾಡುವ ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು. ತಮಿಳುನಾಡಿನ ಶಾಲೆಗಳಲ್ಲಿ ಆರಂಭಕ್ಕೆ ಹಾಡುವ, 2021ರ ಡಿಸೆಂಬರ್‌ನಲ್ಲಿ ರಾಜ್ಯಗೀತೆ ಎಂದು ಘೋಷಿತವಾದ ತಮಿಳು ತಾಯಿ ವಾಳ್ತುವಿಗೆ 55 ಸೆಕೆಂಡು. ವಂದನಾರ್ಪಣೆ ಹೆಚ್ಚೆಂದರೆ ಮೂರು ಸಲ ರಾಷ್ಟ್ರಗೀತೆ ಹಾಡುವಷ್ಟು ಹೊತ್ತು ಇರಲಿ. ಅಷ್ಟು ಹೊತ್ತು ಸಭೆ ಗಮನವಿಟ್ಟು ಕೇಳುತ್ತದೆ. ಅದನ್ನು ದಾಟಿದರೆ ಏನಾಗುತ್ತದೆಂದು ವೇದಿಕೆಯ ಮೇಲಿಂದಲೇ ಕಾಣಬಹುದು. ಮೊದಲು ಚಪ್ಪಾಳೆ ತೆಳುವಾಗುತ್ತದೆ. ಆಮೇಲೆ ಪರದೆಯ ಹಿಂದೆ ವೇಷ ಕಟ್ಟಿ ನಿಂತ ಪುಟ್ಟ ಮಕ್ಕಳು ಇಣುಕುತ್ತಾರೆ, ಒಬ್ಬಿಬ್ಬರಿಗೆ ಮೂತ್ರಕ್ಕೆ ಅವಸರವಾಗುತ್ತದೆ. ಕೊನೆಗೆ ಹಿಂದಿನ ಸಾಲಿನವರು ಬಸ್ಸಿನ ಹೊತ್ತು ನೋಡಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ನಾವು ಯಾರ ಹೆಸರು ಹೇಳುತ್ತೇವೋ ಅವರಿಗೂ ಆ ವಂದನೆ ಕೇಳಿಸುವುದಿಲ್ಲ.

ಕುರ್ಚಿಯಿಂದಲ್ಲ, ಕೆಲಸದಿಂದ

"ಈಗ ಈ ಪಟ್ಟಿಯನ್ನು ಪಕ್ಕಕ್ಕಿಡಿ. ಕಾರ್ಯಕ್ರಮದ ಹಿಂದಿನ ದಿನದಿಂದ ಮರುದಿನದವರೆಗೆ ಏನೇನು ನಡೆಯುತ್ತದೆ, ಒಂದೊಂದಾಗಿ ಹೇಳಿ" ಎಂದೆ. ಗೇಟಿನ ಬೀಗ ತೆಗೆಯುವವರು ಯಾರು? ಮೈದಾನ ಗುಡಿಸುವವರು ಯಾರು? ನೀರಿನ ಡ್ರಮ್ಮು ತುಂಬುವವರು? ಕರೆಂಟು ಎಲ್ಲಿಂದ ಬರುತ್ತದೆ? ಮಕ್ಕಳಿಗೆ ತಿಂಡಿ ಮಾಡುವವರು? ವೇಷ ಕಟ್ಟುವ ಕೋಣೆಯಲ್ಲಿ ಮಕ್ಕಳ ಜೊತೆ ನಿಲ್ಲುವವರು? ಮಾರನೆಯ ದಿನ ಕಾಗದ, ಎಲೆ, ಲೋಟ ಎತ್ತುವವರು?

ಹೀಗೆ ಕೇಳುತ್ತಾ ಹೋದಂತೆ ಪಟ್ಟಿಯಲ್ಲಿ ಇಲ್ಲದ ನಾಲ್ಕು ಜನ ಹೊರಬಂದರು. ಶಾಲೆಯ ಆಯಾ. ಮಧ್ಯಾಹ್ನದ ಊಟದ ಅಡುಗೆಯವರು, ಅವರ ಸಹಾಯಕಿ. ಶಾಲೆಯ ಬೋರ್‌ವೆಲ್ ಕೈಕೊಟ್ಟಾಗ ಪೈಪು ಹಾಕಿ ನೀರು ಕೊಡುತ್ತಿದ್ದ ಪಕ್ಕದ ತೋಟದ ರೈತ. 61 ಹೆಸರುಗಳ ಪಟ್ಟಿಯಲ್ಲಿ ಫ್ಲೆಕ್ಸ್ ಅಚ್ಚುಹಾಕಿಸಿದ ಅಂಗಡಿಯವರು ಇದ್ದರು, ಈ ನಾಲ್ವರು ಇರಲಿಲ್ಲ. ಕಾರಣ ಸರಳ. ಪಟ್ಟಿಯನ್ನು ಆಹ್ವಾನ ಪತ್ರಿಕೆ, ವೇದಿಕೆಯ ಕುರ್ಚಿ ಮತ್ತು ರಸೀತಿ ಪುಸ್ತಕ ನೋಡಿ ಮಾಡಲಾಗಿತ್ತು. ಈ ನಾಲ್ವರು ಆ ಮೂರರಲ್ಲೂ ಕಾಣಿಸುವುದಿಲ್ಲ.

ಆಯಾ ಅವರ ಹೆಸರೇನೆಂದು ಕೇಳಿದೆ. ಟೀಚರಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಕೇಳಿಕೊಂಡು ಬರ್ತೀನಿ ಸ್ವಾಮಿ" ಎಂದರು.

ಎಲ್ಲರೂ, ಇಲ್ಲವೇ ಯಾರೂ ಇಲ್ಲ

ಈಗ 65 ಜನರಾದರು. ಯಾರ ಹೆಸರು ಹೇಳುವುದು, ಯಾರನ್ನು ಗುಂಪಾಗಿ ನೆನೆಯುವುದು? ಇಲ್ಲಿ ಒಂದು ನಿಯಮ ಪಾಲಿಸಿದರೆ ಬಹುಪಾಲು ಮನಸ್ತಾಪ ತಪ್ಪುತ್ತದೆ. ಒಂದು ಗುಂಪಿನಲ್ಲಿ ಹೆಸರು ಹೇಳುವುದಾದರೆ ಎಲ್ಲರ ಹೆಸರೂ ಹೇಳಬೇಕು, ಇಲ್ಲವಾದರೆ ಯಾರ ಹೆಸರೂ ಬೇಡ. ಮೂರು ಹೆಸರು ಹೇಳಿ "ಮುಂತಾದವರು" ಎನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಆ ಮೂವರಿಗೆ ಸಿಕ್ಕ ಸಂತೋಷಕ್ಕಿಂತ "ಮುಂತಾದವರು" ಆದ ಹನ್ನೊಂದು ಜನರ ನೋವು ದೊಡ್ಡದು.

ಸಂತ ಪೌಲರು ರೋಮನರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಹೆಸರುಗಳ ಪಟ್ಟಿಯೆಂದು ಬೇಗ ದಾಟಿಬಿಡುತ್ತೇವೆ. ವಂದನಾರ್ಪಣೆ ಬರೆಯುವವರು ಅದನ್ನು ನಿಧಾನವಾಗಿ ಓದಬೇಕು. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರ ಹೆಸರಿದೆ, ಆದರೂ ಅದು ಚಿಕ್ಕದು. ಪ್ರಿಸ್ಕ ಮತ್ತು ಅಕ್ವಿಲರ ಬಗ್ಗೆ ಹೇಳುವಾಗ ಅವರು ತನಗಾಗಿ ಜೀವವನ್ನೇ ಪಣಕ್ಕಿಟ್ಟರೆಂದು ಒಂದು ಮಾತು. ಮರಿಯ ಎಂಬಾಕೆಯ ಬಗ್ಗೆ ಆಕೆ ಬಹಳ ದುಡಿದಳೆಂದು ಒಂದು ಮಾತು. ಕೆಲವರನ್ನು ಇಂಥವರ ಮನೆಯವರು ಎಂದು ಗುಂಪಾಗಿ ನೆನೆಯುತ್ತಾರೆ. ರೂಫನ ತಾಯಿಯ ಹೆಸರು ಅಲ್ಲಿಲ್ಲ, ಆದರೆ ಆಕೆ ತನಗೂ ತಾಯಿಯಂತಿದ್ದಳೆಂದು ಪೌಲರು ಹೇಳುತ್ತಾರೆ. ಹೆಸರಿಲ್ಲದಿದ್ದರೂ ಆಕೆಯನ್ನು ಮರೆತಿಲ್ಲವೆಂದು ಓದುವವರಿಗೆ ಗೊತ್ತಾಗುತ್ತದೆ. ಗುಂಪಾಗಿ ನೆನೆಯುವಾಗಲೂ ಅವರ ಕೆಲಸವನ್ನು ಖಚಿತವಾಗಿ ಹೇಳಿದರೆ ಕೇಳುವವರು ತಮ್ಮನ್ನು ಅದರಲ್ಲಿ ಗುರುತಿಸಿಕೊಳ್ಳುತ್ತಾರೆ. "ಶಿಕ್ಷಕ ವೃಂದದವರಿಗೆ ವಂದನೆಗಳು" ಎಂದರೆ ಯಾರಿಗೂ ತಟ್ಟುವುದಿಲ್ಲ. "ಒಂದು ತಿಂಗಳಿನಿಂದ ಸಂಜೆ ಆರರವರೆಗೆ ನಿಂತು ಮಕ್ಕಳಿಗೆ ಹಾಡು, ಕುಣಿತ ಕಲಿಸಿದ ನಮ್ಮ ಹದಿನಾಲ್ಕು ಶಿಕ್ಷಕರಿಗೆ" ಎಂದರೆ ಹದಿನಾಲ್ಕು ಜನರಿಗೂ ತಟ್ಟುತ್ತದೆ.

ಈ ನಿಯಮದಂತೆ ಪಟ್ಟಿ ಹೀಗಾಯಿತು. ಹೊರಗಿನಿಂದ ಬಂದ ಗಣ್ಯರಲ್ಲಿ ಆರು ಜನರ ಹೆಸರು. ಏಳನೆಯವನು ನಾನು, ನನ್ನ ಹೆಸರನ್ನು ಕೈಯಿಂದಲೇ ಹೊಡೆದುಹಾಕಿದೆ. ತೆರೆಯ ಹಿಂದೆ ದುಡಿದ ನಾಲ್ವರ ಹೆಸರು. ಒಟ್ಟು ಹತ್ತು ಹೆಸರು, ಒಂದೊಂದಕ್ಕೆ 7 ಸೆಕೆಂಡಿನಂತೆ 70 ಸೆಕೆಂಡು. ದಾನಿಗಳು, ಶಿಕ್ಷಕರು, ಸಮಿತಿಯವರು ಮತ್ತು ಪೋಷಕರು, ಮೈಕು ಶಾಮಿಯಾನದವರು, ವಿದ್ಯಾರ್ಥಿಗಳು ಎಂದು ಐದು ಗುಂಪು, ಒಂದೊಂದಕ್ಕೆ 12 ಸೆಕೆಂಡಿನಂತೆ 60 ಸೆಕೆಂಡು. ಆರಂಭಕ್ಕೆ 10, ಮುಕ್ತಾಯಕ್ಕೆ 10. ಎಲ್ಲ ಸೇರಿ ಎರಡೂವರೆ ನಿಮಿಷ. ಚಪ್ಪಾಳೆಗೆ ಅರ್ಧ ನಿಮಿಷ ಉಳಿಯಿತು.

ದಾನಿಗಳ ಪ್ರಶ್ನೆ

ಹೆಡ್‌ಮಾಸ್ಟರ್ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. "ಸ್ವಾಮಿ, ಹದಿನೇಳು ಜನ ದಾನಿಗಳಲ್ಲಿ ಇಬ್ಬರಿಗೆ ಮೈಕಿನಲ್ಲಿ ಹೆಸರು ಬರದೇ ಇದ್ದರೆ ಮುಂದಿನ ವರ್ಷ ಬಾಗಿಲು ಮುಚ್ಚಿಬಿಡುತ್ತಾರೆ. ಆ ದುಡ್ಡಿಲ್ಲದೆ ಬಹುಮಾನದ ಪುಸ್ತಕ ತರೋಕಾಗಲ್ಲ" ಎಂದರು. ಅವರ ಆತಂಕ ಸುಳ್ಳಲ್ಲ. ಚಿಕ್ಕ ಶಾಲೆಗೆ ಒಬ್ಬ ದಾನಿ ತಪ್ಪಿದರೂ ಅದು ಮಕ್ಕಳಿಗೇ ನಷ್ಟ.

ಆದರೆ ಆ ಇಬ್ಬರ ಹೆಸರು ಹೇಳಿದರೆ ನಿಯಮದ ಪ್ರಕಾರ ಹದಿನೇಳೂ ಹೇಳಬೇಕು. ಹದಿನೇಳೂ ಹೇಳಿದರೆ ಯಾರ ಹೆಸರು ಮೊದಲು ಎಂಬ ಪ್ರಶ್ನೆ ಬರುತ್ತದೆ. ಮೊತ್ತದ ಪ್ರಕಾರ ಹೇಳಿದರೆ ಇನ್ನೂರು ರೂಪಾಯಿ ಕೊಟ್ಟ ಹೂವಿನ ವ್ಯಾಪಾರಿ ಕೊನೆಗೆ ಬೀಳುತ್ತಾರೆ. ಅವರ ಗಳಿಕೆಯಲ್ಲಿ ಇನ್ನೂರು ಚಿಕ್ಕದಲ್ಲ.

ಇದಕ್ಕೆ ಪರಿಹಾರ ಮೈಕಿನಲ್ಲಿಲ್ಲ. ವಂದನೆ ಹೇಳಲು ವೇದಿಕೆಯೊಂದೇ ಜಾಗವಲ್ಲ, ಬೋರ್ಡು ಮತ್ತು ಪತ್ರವೂ ಇವೆ. ಹದಿನೇಳು ಹೆಸರುಗಳನ್ನೂ ಅಕಾರಾದಿ ಕ್ರಮದಲ್ಲಿ, ಮೊತ್ತ ಬರೆಯದೆ, ದೊಡ್ಡ ಅಕ್ಷರದಲ್ಲಿ ಗೇಟಿನ ಪಕ್ಕದ ಬೋರ್ಡಿನ ಮೇಲೆ ಬರೆಸುವುದೆಂದಾಯಿತು. ಮೈಕಿನಲ್ಲಿ ಅವರ ದಾನದಿಂದ ಏನಾಯಿತು ಎಂದು ಹೇಳಿ ಬೋರ್ಡಿನ ಕಡೆ ಕೈತೋರಿಸುವುದು. ಒಂದು ವಾರದೊಳಗೆ ಪ್ರತಿಯೊಬ್ಬರಿಗೂ ಒಂದು ಪತ್ರ ಕಳುಹಿಸುವುದು, ಅದರಲ್ಲಿ ಅವರ ಹಣದಿಂದ ಏನು ಕೊಂಡೆವೆಂದು ಒಂದು ಸಾಲು ಬರೆಯುವುದು. ಮೈಕಿನ ಮಾತು ಗಾಳಿಯಲ್ಲಿ ಹೋಗುತ್ತದೆ, ಪತ್ರ ಮನೆಯಲ್ಲಿ ಉಳಿಯುತ್ತದೆ. ಪತ್ರ ತಪ್ಪಿದರೆ ಮಾತ್ರ ಈ ಏರ್ಪಾಡು ಕುಸಿಯುತ್ತದೆ. ಆದ್ದರಿಂದ ಕಾರ್ಯಕ್ರಮಕ್ಕೆ ಮೊದಲೇ ಹದಿನೇಳು ಲಕೋಟೆಗಳ ಮೇಲೆ ವಿಳಾಸ ಬರೆದು ಇಡಿ ಎಂದು ಹೇಳಿದೆ.

ಯಾವ ಭಾಷೆಯಲ್ಲಿ?

ಗಡಿ ಭಾಗದ ನಮ್ಮ ಶಾಲೆಗಳಿಗೆ ಇನ್ನೊಂದು ತೊಡಕಿದೆ. ತೊರಪಲ್ಲಿ ಅಗ್ರಹಾರದ ಸುತ್ತಮುತ್ತ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುತ್ತಾರೆ. ಮುಖ್ಯ ಅತಿಥಿಯಾಗಿ ಬರುವ ಅಧಿಕಾರಿಗೆ ಹಲವು ಸಲ ತಮಿಳು ಮಾತ್ರ ಬರುತ್ತದೆ. ಹಾಗಾಗಿ ವಂದನಾರ್ಪಣೆಯನ್ನು ಪೂರ್ತಿಯಾಗಿ ಮೂರು ಭಾಷೆಯಲ್ಲೂ ಹೇಳುವ ಪದ್ಧತಿ ಕೆಲವೆಡೆ ಉಂಟು. ಎರಡೂವರೆ ನಿಮಿಷ ಏಳೂವರೆ ಆಗುತ್ತದೆ, ಮೂರು ಭಾಷೆಯೂ ಬಲ್ಲ ಜನ ಅದನ್ನೇ ಮೂರು ಸಲ ಕೇಳುತ್ತಾರೆ.

ಅದರ ಬದಲು ಯಾರಿಗೆ ವಂದನೆಯೋ ಅವರ ಭಾಷೆಯಲ್ಲಿ ಒಂದೇ ಸಲ ಹೇಳಬಹುದು. ಅಧಿಕಾರಿಗೆ ತಮಿಳಿನಲ್ಲಿ, ತೆಲುಗು ಮನೆಯ ಪೋಷಕರಿಗೆ ತೆಲುಗಿನಲ್ಲಿ ಒಂದೊಂದು ವಾಕ್ಯ, ಉಳಿದದ್ದು ಕನ್ನಡ. ಸಮಯ ಹೆಚ್ಚುವುದಿಲ್ಲ, ತನ್ನ ಭಾಷೆಯಲ್ಲಿ ಕೇಳಿದವರಿಗೆ ಅದು ತನಗೇ ಹೇಳಿದ್ದು ಎಂದು ಗೊತ್ತಾಗುತ್ತದೆ.

ಇನ್ನೊಂದು ಮಾತು. ಈ ಊರಿನಲ್ಲಿ ಯಾರು ವೇದಿಕೆ ಹತ್ತಿದರೂ ರಾಜಾಜಿಯವರನ್ನು ನೆನೆಯದೆ ಇಳಿಯುವುದಿಲ್ಲ. 1878ರ ಡಿಸೆಂಬರ್ 10ರಂದು ಅವರು ಹುಟ್ಟಿದ್ದು ಇಲ್ಲೇ. ಅವರು ಹುಟ್ಟಿದ ಮನೆ ಇಂದು ಸ್ಮಾರಕವಾಗಿದೆ. ಅವರು ಮುಂದೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದದ್ದು ಮಕ್ಕಳಿಗೆಲ್ಲ ಬಾಯಿಪಾಠ. ಆದರೆ ಸ್ವಾಗತ ಭಾಷಣದಲ್ಲಿ, ವರದಿಯಲ್ಲಿ, ಅತಿಥಿಗಳ ಮಾತಿನಲ್ಲಿ ಅವರ ಹೆಸರು ಬಂದ ಮೇಲೆ ವಂದನಾರ್ಪಣೆಯಲ್ಲಿ ಮತ್ತೆ ಬರಬೇಕಾಗಿಲ್ಲ. ಆಗಲೇ ಹೇಳಿದ್ದನ್ನು ಮತ್ತೆ ಹೇಳದಿರುವುದು ಕೊನೆಗೆ ಮಾತನಾಡುವವರ ಮೊದಲ ಕರ್ತವ್ಯ. ಮುಖ್ಯ ಅತಿಥಿಯ ಭಾಷಣದ ಸಾರಾಂಶವನ್ನೂ ಹೇಳಬೇಡಿ. ಅವರು ಹೇಳಿದ್ದರಲ್ಲಿ ಒಂದೇ ಒಂದು ಮಾತನ್ನು ಆರಿಸಿಕೊಳ್ಳಿ. ಅದಕ್ಕಾಗಿ ನಿಮ್ಮ ಕಾಗದದಲ್ಲಿ ಒಂದು ಸಾಲು ಖಾಲಿ ಬಿಟ್ಟು, ಅವರು ಮಾತನಾಡುವಾಗ ಕೇಳಿಸಿಕೊಂಡು ತುಂಬಿಕೊಳ್ಳಿ.

ಸಿದ್ಧವಾದ ಭಾಷಣ

ಟೀಚರಮ್ಮ ಕೊನೆಗೆ ಓದಿದ್ದು ಹೆಚ್ಚುಕಡಿಮೆ ಹೀಗಿತ್ತು. ಹೆಸರಿನ ಜಾಗದಲ್ಲಿ ಚುಕ್ಕೆ ಹಾಕಿದ್ದೇನೆ. ಬೇಕಾದವರು ತಮ್ಮ ಶಾಲೆಗೆ ಹೊಂದಿಸಿಕೊಳ್ಳಬಹುದು.

"ಎಲ್ಲರಿಗೂ ನಮಸ್ಕಾರ. ಪರದೆಯ ಹಿಂದೆ ಮಕ್ಕಳು ಕಾಯುತ್ತಿದ್ದಾರೆ, ಹಾಗಾಗಿ ಬೇಗ ಮುಗಿಸುತ್ತೇನೆ.

ಮುಖ್ಯ ಅತಿಥಿ ಶ್ರೀ ........ ಐಯಾ ಅವರ್ಗಳೇ, ನೀಂಗಳ್ ನೇರಂ ಒದುಕ್ಕಿ ವಂದದರ್ಕು ಎಂಗಳ್ ಪಳ್ಳಿಯಿನ್ ಸಾರ್ಬಾಗ ನನ್ರಿ. ನೀವು ಹೇಳಿದ ........ ಎಂಬ ಮಾತನ್ನು ನಾಳೆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ನೆನಪಿಸುತ್ತೇವೆ.

ಅಧ್ಯಕ್ಷತೆ ವಹಿಸಿದ ನಮ್ಮೂರ ಹಿರಿಯರಾದ ಶ್ರೀ ........ ಅವರಿಗೆ, ವರ್ಷಕ್ಕೆರಡು ಸಲ ಬಂದು ಮಕ್ಕಳ ಕಣ್ಣು, ಹಲ್ಲು ನೋಡುವ ಡಾಕ್ಟರ್ ........ ಅವರಿಗೆ, ನಿವೃತ್ತರಾದ ಮೇಲೂ ಶನಿವಾರ ಗಣಿತ ಹೇಳಿಕೊಡುವ ಶ್ರೀಮತಿ ........ ಅವರಿಗೆ, ಶಾಲಾ ನಿರ್ವಹಣಾ ಸಮಿತಿಯ ಅಧ್ಯಕ್ಷೆ ಶ್ರೀಮತಿ ........ ಅವರಿಗೆ, ಹಳೆಯ ವಿದ್ಯಾರ್ಥಿಗಳ ಪರವಾಗಿ ಬಂದ ಶ್ರೀ ........ ಅವರಿಗೆ ನಮ್ಮ ವಂದನೆಗಳು.

ಇಂದು ಮಕ್ಕಳ ಕೈಗೆ ಬಂದ ಪ್ರತಿಯೊಂದು ಪುಸ್ತಕ, ಈಗ ನಿಮ್ಮ ತಲೆಯ ಮೇಲಿರುವ ಈ ಶಾಮಿಯಾನ ಹದಿನೇಳು ಜನ ದಾನಿಗಳು ಕೊಟ್ಟದ್ದು. ಅವರೆಲ್ಲರ ಹೆಸರು ಗೇಟಿನ ಪಕ್ಕದ ಬೋರ್ಡಿನಲ್ಲಿದೆ. ಹೋಗುವಾಗ ದಯವಿಟ್ಟು ಓದಿ, ಎದುರಿಗೆ ಸಿಕ್ಕರೆ ಒಂದು ನಮಸ್ಕಾರ ಹೇಳಿ.

ಒಂದು ತಿಂಗಳಿನಿಂದ ಸಂಜೆ ಆರರವರೆಗೆ ನಿಂತು ಕಲಿಸಿದ ನಮ್ಮ ಹದಿನಾಲ್ಕು ಶಿಕ್ಷಕರಿಗೆ, ಅವರನ್ನು ಮುನ್ನಡೆಸಿದ ಹೆಡ್‌ಮಾಸ್ಟರ್ ಅವರಿಗೆ, ಮನೆ ಮನೆಗೆ ಹೋಗಿ ಆಹ್ವಾನ ಕೊಟ್ಟ ಸಮಿತಿಯ ಸದಸ್ಯರಿಗೆ ವಂದನೆಗಳು. ಕೂಲಿ ಬಿಟ್ಟು ಬಂದಿರುವ ತಂದೆತಾಯಿಗಳೇ, ಮೀ ಅಂದರಿಕೀ ಮಾ ಧನ್ಯವಾದಾಲು.

ಈ ಮೈದಾನವನ್ನು ಗುಡಿಸಿ ನೀರು ಚಿಮುಕಿಸಿದ ಶ್ರೀಮತಿ ........ ಅವರು, ಸಂಜೆಯ ತಿಂಡಿ ಮಾಡಿದ ಶ್ರೀಮತಿ ........ ಮತ್ತು ಶ್ರೀಮತಿ ........ ಅವರು, ಮೂರು ದಿನದಿಂದ ತಮ್ಮ ತೋಟದ ನೀರು ಕೊಟ್ಟ ಶ್ರೀ ........ ಅವರು, ಈ ನಾಲ್ವರಿಲ್ಲದಿದ್ದರೆ ನಾವು ಇಂದು ಇಲ್ಲಿ ಕೂತಿರುತ್ತಿರಲಿಲ್ಲ. ಮೈಕು, ದೀಪ, ಶಾಮಿಯಾನ, ವೇಷಭೂಷಣದ ಎಲ್ಲ ಅಣ್ಣಂದಿರಿಗೂ ವಂದನೆಗಳು.

ಕೊನೆಯದಾಗಿ ನಮ್ಮ ಮಕ್ಕಳಿಗೆ. ಇನ್ನು ವೇದಿಕೆ ನಿಮ್ಮದು. ನಮಸ್ಕಾರ."

ಮೈಕಿನ ಮುಂದೆ ನಿಧಾನವಾಗಿ ಓದಿದರೆ ಒಂದು ನಿಮಿಷಕ್ಕೆ ಎಂಬತ್ತು ತೊಂಬತ್ತು ಕನ್ನಡ ಪದಗಳು ಹೋಗುತ್ತವೆ. ಬರೆದದ್ದು 250 ಪದಕ್ಕೆ ಮುಟ್ಟಿತೆಂದರೆ ಅಲ್ಲಿಗೆ ನಿಲ್ಲಿಸಬೇಕು. ಮನೆಯಲ್ಲಿ ಮನಸ್ಸಿನಲ್ಲೇ ಓದಿ ಅಳತೆ ಮಾಡಬೇಡಿ. ಎದ್ದು ನಿಂತು ಗಟ್ಟಿಯಾಗಿ ಓದಿ ಗಡಿಯಾರ ನೋಡಿ.

ಆ ಸಂಜೆ ನಡೆದದ್ದು

ಎಷ್ಟು ಸಿದ್ಧತೆ ಮಾಡಿದರೂ ಅಂದಿನ ಸಂಜೆ ಏನಾದರೊಂದು ಬದಲಾಗುತ್ತದೆ. ಬರಬೇಕಾದವರು ಬರುವುದಿಲ್ಲ, ಬೇರೊಬ್ಬರು ಅವರ ಪರವಾಗಿ ಬರುತ್ತಾರೆ. ಬಾರದವರಿಗೆ "ಆಗಮಿಸಿದ್ದಕ್ಕೆ ವಂದನೆ" ಎಂದು ಓದಿಬಿಟ್ಟು ನಗೆಪಾಟಲಾದವರನ್ನು ನಾನು ಕಂಡಿದ್ದೇನೆ. ಅದಕ್ಕಾಗಿ ವೇದಿಕೆಯ ಮೆಟ್ಟಿಲ ಬಳಿ ಒಬ್ಬ ಶಿಕ್ಷಕರನ್ನು ಚೀಟಿ ಹಿಡಿದು ನಿಲ್ಲಿಸಿದ್ದೆವು. ಬಂದವರ ಸರಿಯಾದ ಹೆಸರು, ಇನಿಷಿಯಲ್, ಹುದ್ದೆಯನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಡುವುದು ಅವರ ಕೆಲಸ. ಅಂದು ಡಾಕ್ಟರಿಗೆ ಬರಲಾಗಲಿಲ್ಲ, ಅವರ ಜೊತೆಯ ನರ್ಸ್ ಬಂದರು. ವಂದನಾರ್ಪಣೆಗೆ ಐದು ನಿಮಿಷ ಮುಂಚೆ ಚೀಟಿ ಟೀಚರಮ್ಮನ ಕೈ ಸೇರಿತು.

ವಂದನಾರ್ಪಣೆಯನ್ನು ಕೊನೆಗೆ ಇಡದೆ, ಅಧ್ಯಕ್ಷರ ಮಾತು ಮುಗಿದ ಕೂಡಲೇ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಮೊದಲು ಇಟ್ಟಿದ್ದರು. ರಾತ್ರಿ ಒಂಬತ್ತಕ್ಕೆ ಇಟ್ಟಿದ್ದರೆ ಅತಿಥಿಗಳು ಹೋಗಿರುತ್ತಿದ್ದರು, ಪೋಷಕರು ಮಕ್ಕಳನ್ನು ಹುಡುಕುತ್ತಿರುತ್ತಿದ್ದರು.

ಆಯಾ ಅವರ ಹೆಸರು ಬಂದಾಗ ಮಕ್ಕಳಿಗೆ ಒಂದು ಕ್ಷಣ ಅದು ಯಾರೆಂದೇ ತಿಳಿಯಲಿಲ್ಲ. ಅವರಿಗೂ "ಆಯಮ್ಮ" ಎಂದಷ್ಟೇ ಗೊತ್ತು. ಯಾರೋ ಒಬ್ಬ ಹುಡುಗ "ನಮ್ಮ ಆಯಮ್ಮ ಕಣೋ" ಎಂದು ಕೂಗಿದ. ಆಮೇಲೆ ಬಂದ ಚಪ್ಪಾಳೆ ಮುಖ್ಯ ಅತಿಥಿಗೂ ಬಂದಿರಲಿಲ್ಲ. ಅವರು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು.

ಎಲ್ಲವೂ ಸುಸೂತ್ರವಾಯಿತು ಎನ್ನಲಾರೆ. ವೇಷಕೋಣೆಯಲ್ಲಿ ಮಧ್ಯಾಹ್ನದಿಂದ ಮಕ್ಕಳ ಜಡೆ ಹೆಣೆದ ಇಬ್ಬರು ಹಳೆಯ ವಿದ್ಯಾರ್ಥಿನಿಯರನ್ನು ನಾವು ಮರೆತಿದ್ದೆವು. ಟೀಚರಮ್ಮನಿಗೆ ನೆನಪಾದದ್ದು ಎರಡನೆಯ ನೃತ್ಯದ ಹೊತ್ತಿಗೆ. ಆಗ ಮತ್ತೆ ಮೈಕು ಹಿಡಿದು ಉದ್ದಕ್ಕೆ ಕ್ಷಮೆ ಕೇಳಲಿಲ್ಲ. ನಿರೂಪಕರಿಗೆ ಚೀಟಿ ಕೊಟ್ಟರು. ರಾಷ್ಟ್ರಗೀತೆಗೆ ಮೊದಲು ನಿರೂಪಕರು, "ಇಂದು ಎಲ್ಲ ಮಕ್ಕಳನ್ನೂ ಸಿಂಗರಿಸಿದವರು ಇವರಿಬ್ಬರು" ಎಂದು ಹೆಸರು ಹೇಳಿದರು. ಹತ್ತು ಸೆಕೆಂಡು ಸಾಕಾಯಿತು. ಮರೆತದ್ದು ಅದೇ ಸಂಜೆ ನೆನಪಾದರೆ ಹೀಗೆ ಸರಿಪಡಿಸಬಹುದು, ಮರುದಿನ ನೆನಪಾದರೆ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಮಕ್ಕಳೆದುರು ಹೇಳಬಹುದು. "ಯಾರ ಹೆಸರನ್ನಾದರೂ ಬಿಟ್ಟಿದ್ದರೆ ಕ್ಷಮಿಸಿ" ಎಂಬ ವಾಡಿಕೆಯ ಮಾತಿಗಿಂತ ಇದು ಮೇಲು.

ಹೆಡ್‌ಮಾಸ್ಟರ್ ಹೆದರಿದ್ದ ಇಬ್ಬರು ದಾನಿಗಳಲ್ಲಿ ಒಬ್ಬರು ಅಂದು ರಾತ್ರಿ ಗೇಟಿನ ಬಳಿ ಬೋರ್ಡು ಓದುತ್ತಾ ಬಹಳ ಹೊತ್ತು ನಿಂತಿದ್ದರು. ಅವರ ಹೆಸರು ಹೂವಿನ ವ್ಯಾಪಾರಿಯ ಹೆಸರಿನ ಕೆಳಗಿತ್ತು. ಏನೂ ಹೇಳದೆ ಹೋದರು. ಇನ್ನೊಬ್ಬರು ಮುನಿಸಿಕೊಂಡು ಅದನ್ನು ಎರಡು ಮೂರು ಕಡೆ ಆಡಿಯೂ ಆಡಿದರು. ಹತ್ತನೆಯ ದಿನ ಪತ್ರ ತಲುಪಿದ ಮೇಲೆ ಮೊದಲಿನವರು ಹೆಡ್‌ಮಾಸ್ಟರಿಗೆ ಫೋನು ಮಾಡಿ, ಯಾವ ಮಗುವಿಗೆ ಯಾವ ಪುಸ್ತಕ ಹೋಯಿತೆಂದು ಕೇಳಿದರಂತೆ. ಎರಡನೆಯವರು ಇನ್ನೂ ಮಾತನಾಡಿಲ್ಲ. ಯಾವ ಪಟ್ಟಿಯೂ ಎಲ್ಲರನ್ನೂ ಮೆಚ್ಚಿಸುವುದಿಲ್ಲ.

ಮೊನ್ನೆ ಟೀಚರಮ್ಮ ಸಿಕ್ಕಿದ್ದರು. ಮುಂದಿನ ವರ್ಷದ ವಂದನಾರ್ಪಣೆಗೆಂದು ಈಗಲೇ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾರು ಯಾವ ಕೆಲಸ ಮಾಡಿದರೂ ಅಂದೇ ಅದರಲ್ಲಿ ಒಂದು ಸಾಲು ಬರೆಯುತ್ತಾರೆ. ಮೊದಲ ಪುಟದಲ್ಲಿ ಇಬ್ಬರ ಹೆಸರಿದೆ. ಜಡೆ ಹೆಣೆದ ಆ ಇಬ್ಬರು ಹುಡುಗಿಯರದ್ದು.